ದಿನಾ ಪೋಸ್ಟ್ ಹಾಕಲೇಬೇಕಾ ಮಿಸ್?

ಮನೆಪಾಠ ಮಾಡುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ತಿಂಗಳೂ ಬಂದಿದೆ. "ಸಂಜೆ ನಾಲ್ಕೂವರೆಯಿಂದ ಎಂಟೂವರೆವರೆಗೆ ಎರಡು ಬ್ಯಾಚ್ ಇದೆ. ಆಮೇಲೆ ಅಡುಗೆ, ಮನೆಗೆಲಸ. ಸುತ್ತಮುತ್ತಲಿನವರಿಗೆ ನನ್ನ ಟ್ಯೂಷನ್ ಗೊತ್ತಾಗಲಿ ಅಂತ ವಾಟ್ಸಾಪ್ ಸ್ಟೇಟಸ್, ಯೂಟ್ಯೂಬ್ ಶುರು ಮಾಡಿದೆ. ಎರಡೇ ವಾರಕ್ಕೆ ಸುಸ್ತಾಯಿತು. ಇಡೀ ತಿಂಗಳಿಗೆ ಏನೇನು ಹಾಕಬೇಕು ಅಂತ ಪಟ್ಟಿ ಕೊಡಿ. ದಿನಾ ಹಾಕಲೇಬೇಕು, ಅಲ್ವಾ ಮಿಸ್?"

ಇಲ್ಲ. ವಾರಕ್ಕೆ ಒಂದು, ತಿಂಗಳಿಗೆ ನಾಲ್ಕು ಸಾಕು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ "ಆದರೆ ಎಲ್ಲರೂ ದಿನಾ ಹಾಕಿ ಅಂತಾರಲ್ಲ" ಎಂದು ಮತ್ತೆ ಕೇಳುತ್ತಾರೆ. ಅದಕ್ಕೇ ಈ ಸಲ ಮೊದಲು ಆ "ದಿನಾ" ಅನ್ನುವುದನ್ನೇ ಬಿಡಿಸಿ ನೋಡೋಣ.

ದಿನಾ ಹಾಕಿ ಎಂದು ಹೇಳುವವರು ಯಾರು? ವೀಡಿಯೊ ನೋಡುವವರ ಸಂಖ್ಯೆಯಿಂದಲೇ ದುಡಿಯುವವರು. ಅವರಿಗೆ ಲಕ್ಷ ಜನ ಬೇಕು. ನಿಮಗೆ ಎಷ್ಟು ಜನ ಬೇಕು? ನಡುಮನೆಯಲ್ಲಿ ಚಾಪೆ ಹಾಸಿದರೆ ಹನ್ನೆರಡು ಮಕ್ಕಳು ಕೂರಬಹುದು. ಎರಡು ಬ್ಯಾಚ್ ಅಂದರೆ ಇಪ್ಪತ್ನಾಲ್ಕು. ಹತ್ತನೇ ತರಗತಿಯವರು ಹೋದ ಮೇಲೆ ಪ್ರತಿ ವರ್ಷ ತುಂಬಬೇಕಾದ ಜಾಗ ಹತ್ತೋ ಹನ್ನೆರಡೋ. ಅದಕ್ಕೆ ನಿಮ್ಮ ಬಡಾವಣೆಯ, ಹತ್ತಿರದ ಎರಡು ಶಾಲೆಗಳ, ಇನ್ನೂರು ಮನೆಯ ತಾಯಂದಿರಿಗೆ ನಿಮ್ಮ ಪಾಠ ಹೇಗಿರುತ್ತದೆ ಎಂದು ಗೊತ್ತಿದ್ದರೆ ಧಾರಾಳವಾಯಿತು.

ಆ ತಾಯಂದಿರೂ ಟ್ಯೂಷನ್ ಬಗ್ಗೆ ದಿನಾ ಯೋಚಿಸುವುದಿಲ್ಲ. ಶಾಲೆ ಶುರುವಾಗುವ ಜೂನ್‌ನಲ್ಲಿ ಯೋಚಿಸುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕೈಗೆ ಬಂದಾಗ ಯೋಚಿಸುತ್ತಾರೆ. ಪ್ರಿಪರೇಟರಿ ಹತ್ತಿರ ಬಂದಾಗ ಗಾಬರಿಯಿಂದ ಯೋಚಿಸುತ್ತಾರೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆಗಿರುವುದರಿಂದ, ಮೊದಲನೆಯದರ ಫಲಿತಾಂಶ ಬಂದ ವಾರದಲ್ಲೂ ಫೋನ್ ಬರುತ್ತದೆ. ವರ್ಷದಲ್ಲಿ ನಾಲ್ಕೈದು ಸಂದರ್ಭ, ಅಷ್ಟೇ. ಆಗ ನಿಮ್ಮ ಹೆಸರು ನೆನಪಾಗಬೇಕು.

ಒಂದು ಜುಲೈ ಪೂರ್ತಿ ನಾನೂ ದಿನಾ ಸ್ಟೇಟಸ್ ಹಾಕಿದೆ. ಶುರುವಿನಲ್ಲಿ ತೊಂಬತ್ತರಷ್ಟು ಜನ ನೋಡುತ್ತಿದ್ದರು. ತಿಂಗಳ ಕೊನೆಗೆ ನಲವತ್ತಕ್ಕೆ ಇಳಿಯಿತು. ಕಾರಣ ಒಬ್ಬ ತಾಯಿ ಗೇಟಿನ ಹತ್ತಿರ ಹೇಳಿದರು: "ಬೇಜಾರು ಮಾಡ್ಕೋಬೇಡಿ ಮಿಸ್, ದಿನಾ ಸುಭಾಷಿತ ಬರ್ತಿತ್ತಲ್ಲ, ಮ್ಯೂಟ್ ಮಾಡಿಬಿಟ್ಟೆ." ದಿನಾ ಹಾಕಲು ದಿನಾ ವಿಷಯ ಎಲ್ಲಿಂದ ತರುವುದು? ಮೂರನೇ ದಿನಕ್ಕೆ ಖಾಲಿ, ನಾಲ್ಕನೇ ದಿನ ಸುಭಾಷಿತ. ಮ್ಯೂಟ್ ಮಾಡಿದರೆ ನಿಮಗೆ ಸುದ್ದಿ ಬರುವುದಿಲ್ಲ. ಯಾರು ಯಾರು ನೋಡಿದರು ಎಂಬ ಪಟ್ಟಿಯಲ್ಲಿ ಆ ಹೆಸರು ಕಾಣದಂತಾಗುತ್ತದೆ. ಆಮೇಲೆ ನೀವು ನಿಜವಾಗಿ ಒಳ್ಳೆಯದನ್ನು ಹಾಕಿದರೂ ಅವರಿಗೆ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಸಮಯದ್ದು. ದಿನಕ್ಕೆ ಅರ್ಧ ಗಂಟೆ ಎಂದರೂ ತಿಂಗಳಿಗೆ ಹದಿನೈದು ಗಂಟೆ. ಅದು ಎಲ್ಲಿಂದ ಬರುತ್ತದೆ? ನೋಟ್ಸ್ ತಿದ್ದುವ ಸಮಯದಿಂದ. ಆದರೆ ಹಾಕಲು ಯೋಗ್ಯವಾದ ವಿಷಯ ಸಿಗುವುದೇ ತಿದ್ದುವಾಗ!

ಅಲ್ಲಿಂದಲೇ ಪಟ್ಟಿ ಶುರುವಾಗಬೇಕು. ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಡಿ. ತಿದ್ದುವಾಗ ಒಂದೇ ತಪ್ಪನ್ನು ಮೂರು ಮಕ್ಕಳು ಮಾಡಿದ್ದರೆ, ಒಂದು ಸಾಲು ಬರೆದುಕೊಳ್ಳಿ. ಮಗುವಿನ ಹೆಸರು ಬೇಡ. ತಿಂಗಳ ಕೊನೆಯ ಭಾನುವಾರ ಆ ಪುಸ್ತಕ ತೆಗೆದು ಒಂದೇ ಒಂದು ತಪ್ಪನ್ನು ಆರಿಸಿ. ಮುಂದಿನ ತಿಂಗಳ ಹೆಚ್ಚಿನ ಕೆಲಸ ಅದರ ಮೇಲೇ ನಡೆಯುತ್ತದೆ.

ನವೆಂಬರ್ ತಿಂಗಳನ್ನೇ ತೆಗೆದುಕೊಳ್ಳಿ. ದಸರಾ ರಜೆ ಮುಗಿದಿದೆ, ಅರ್ಧವಾರ್ಷಿಕದ ಉತ್ತರ ಪತ್ರಿಕೆ ಮನೆಗೆ ಬಂದಿದೆ. ನನ್ನ ಪುಸ್ತಕದಲ್ಲಿದ್ದ ತಪ್ಪು ಸಮಾಂತರ ಶ್ರೇಢಿಯದ್ದು. 3ರಿಂದ ಭಾಗವಾಗುವ ಎರಡಂಕಿ ಸಂಖ್ಯೆಗಳು ಎಷ್ಟು? ಮೊದಲನೆಯದು 12, ಕೊನೆಯದು 99. ಮಕ್ಕಳು 99ರಲ್ಲಿ 12 ಕಳೆದು 87 ಮಾಡುತ್ತಾರೆ, 3ರಿಂದ ಭಾಗಿಸಿ 29 ಎಂದು ಬರೆದು ಪೆನ್ ಕೆಳಗಿಡುತ್ತಾರೆ. ಆ 29 ಬಂದಿದ್ದು n − 1ಕ್ಕೆ. ಉತ್ತರ 30.

ಮೊದಲ ವಾರ ಈ ತಪ್ಪು ಲೆಕ್ಕದ ಫೋಟೊ ಮಾತ್ರ. ನಿಮ್ಮ ಕೈಬರಹದಲ್ಲಿ ಬರೆದು, ಕೆಳಗೆ "ಎಲ್ಲಿ ತಪ್ಪಿದೆ?" ಎಂದು ಕೇಳಿ. ಉತ್ತರ ಕೊಡಬೇಡಿ. ಹತ್ತು ನಿಮಿಷದ ಕೆಲಸ.

ಎರಡನೇ ವಾರ ಅದೇ ಲೆಕ್ಕದ ವೀಡಿಯೊ, ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಬೇಡ. ಮುಖ ತೋರಿಸುವುದೂ ಬೇಡ. ಪುಸ್ತಕದ ಎರಡು ರಾಶಿಗಳ ಮೇಲೆ ಅಡ್ಡಪಟ್ಟಿ ಇಟ್ಟು ಫೋನನ್ನು ಕೆಳಮುಖವಾಗಿ ಕೂರಿಸಿ. ಹಾಳೆ ಮತ್ತು ಕೈ ಕಂಡರೆ ಸಾಕು. ಬೆರಳಿನ ಉದಾಹರಣೆ ಕೊಡಿ. ಒಂದು ಕೈಯಲ್ಲಿ ಬೆರಳು ಐದು, ಬೆರಳುಗಳ ನಡುವಿನ ಸಂದು ನಾಲ್ಕು. ನಾವು ಭಾಗಿಸಿ ಎಣಿಸಿದ್ದು ಸಂದುಗಳನ್ನು, ಕೇಳಿದ್ದು ಬೆರಳುಗಳನ್ನು. ಇದು ಹೊಳೆದ ಮೇಲೆ ಮಕ್ಕಳು 1 ಕೂಡಿಸಲು ಮರೆಯುವುದು ತುಂಬಾ ಕಡಿಮೆಯಾಗುತ್ತದೆ. ಯೂಟ್ಯೂಬ್‌ನಲ್ಲಿ ಹಾಕುವ ದಿನವನ್ನು ಮೊದಲೇ ಗೊತ್ತು ಮಾಡಿ ಇಡಬಹುದು, ಹಾಗಾಗಿ ಭಾನುವಾರವೇ ಮುಗಿಸಿಬಿಡಿ.

ಮೂರನೇ ವಾರದ್ದು ತಾಯಿ ತಂದೆಗೆ. ಉತ್ತರ ಪತ್ರಿಕೆಯಲ್ಲಿ ಕಳೆದುಹೋದ ಅಂಕವನ್ನು ಹೇಗೆ ಓದುವುದು ಎಂದು ಎಂಟು ಸಾಲು ಬರೆಯಿರಿ. ಕೊನೆಯ ಹೆಜ್ಜೆಯಲ್ಲಿ ತಪ್ಪಿದ್ದರೆ ಅಭ್ಯಾಸ ಸಾಲದು. ಮೊದಲ ಹೆಜ್ಜೆಯನ್ನೇ ಬರೆದಿಲ್ಲ ಎಂದರೆ ಪಾಠ ಅರ್ಥವಾಗಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಫಾರ್ವರ್ಡ್ ಆಗುವುದು ಇಂಥದ್ದೇ.

ನಾಲ್ಕನೇ ವಾರ, ಆ ತಿಂಗಳು ಗೇಟಿನಲ್ಲಿ ಯಾರೋ ಕೇಳಿದ ಒಂದು ಪ್ರಶ್ನೆಗೆ ಉತ್ತರ. ಅದರ ಕೊನೆಯಲ್ಲಿ ಮಾತ್ರ ಒಂದು ಸಾಲು: ಎಷ್ಟು ಜಾಗ ಖಾಲಿ ಇದೆ, ಯಾವ ಸಮಯ. ನಾಲ್ಕೂ ವಾರ ಅದನ್ನೇ ಹೇಳಿದರೆ ಯಾರೂ ಓದುವುದಿಲ್ಲ.

ಎಲ್ಲಾ ಸೇರಿ ಎರಡೂವರೆ ಗಂಟೆ. ಬೇರೆ ತಿಂಗಳಲ್ಲಿ ತಪ್ಪು ಬದಲಾಗುತ್ತದೆ, ಕ್ರಮ ಇದೇ. ಬೋರ್ಡ್ ಪರೀಕ್ಷೆಯ ದಿನಗಳಲ್ಲಿ ಮಾತ್ರ ಏನೂ ಹಾಕಬೇಡಿ.

ಒಂದು ಅಡಚಣೆ ತುಂಬಾ ಜನರಿಗೆ ಗೊತ್ತೇ ಇರುವುದಿಲ್ಲ. ವಾಟ್ಸಾಪ್ ಸ್ಟೇಟಸ್ ಕಾಣಬೇಕಾದರೆ ನಿಮ್ಮ ನಂಬರ್ ಅವರ ಫೋನಿನಲ್ಲೂ ಅವರದು ನಿಮ್ಮ ಫೋನಿನಲ್ಲೂ ಸೇವ್ ಆಗಿರಬೇಕು. ವಿಚಾರಿಸಲು ಬಂದವರ ಎದುರಿಗೇ ಇದನ್ನು ಮಾಡಿಸಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆ ತಪ್ಪು ಯಾರದ್ದು? ಒಮ್ಮೆ ಸೋಮವಾರ ತಿದ್ದಿದ ಲೆಕ್ಕವನ್ನು ಮಂಗಳವಾರವೇ ಸ್ಟೇಟಸ್‌ಗೆ ಹಾಕಿದ್ದೆ. ಹೆಸರಿರಲಿಲ್ಲ, ಅಕ್ಷರವೂ ನನ್ನದೇ. ಆದರೂ ಸಂಜೆ ಒಬ್ಬಳು ಎಲ್ಲರೂ ಹೋಗುವವರೆಗೆ ಕಾದು ಕೇಳಿದಳು: "ಅದು ನನ್ನ ಲೆಕ್ಕ ಅಲ್ವಾ ಮಿಸ್?" ಆಮೇಲೆ ಎರಡು ವಾರ ಅವಳು ನನಗೆ ಡೌಟ್ ಕೇಳಲಿಲ್ಲ. ಆ ಎರಡು ವಾರ ನನಗೆ ತುಂಬಾ ನೋವಾಯಿತು. ಅಂದಿನಿಂದ ಮೂರು ಮಕ್ಕಳಾದರೂ ಮಾಡಿರದ ತಪ್ಪನ್ನು ಹಾಕುವುದಿಲ್ಲ. ಲೆಕ್ಕದ ಸಂಖ್ಯೆ ಬದಲಿಸುತ್ತೇನೆ, 3ರ ಬದಲು 7 ಇಡುತ್ತೇನೆ. ತಪ್ಪು ಕಂಡ ತಿಂಗಳು ಹಾಕದೆ ಮುಂದಿನ ತಿಂಗಳಿಗೆ ಇಡುತ್ತೇನೆ. ಹಾಕುವ ಮೊದಲು ಬ್ಯಾಚಿನಲ್ಲಿ ಆ ಲೆಕ್ಕವನ್ನು ಎಲ್ಲರಿಗೂ ಇನ್ನೊಮ್ಮೆ ಮಾಡಿಸುತ್ತೇನೆ. ಆಗ ಸ್ಟೇಟಸ್ ನೋಡುವ ಹೊತ್ತಿಗೆ ನನ್ನ ಮಕ್ಕಳಿಗೆಲ್ಲ ಉತ್ತರ ಗೊತ್ತಿರುತ್ತದೆ.