ಬ್ಯಾಂಕ್ ಕಡಿದ ಆ ಒಂದು ಲಕ್ಷ

ಮೊನ್ನೆ ಸಂಜೆ ದಾವಣಗೆರೆ ಪಿ.ಜೆ. ಬಡಾವಣೆಯ ನನ್ನ ಆಫೀಸಿಗೆ ಕ್ಲೈಂಟ್ ಒಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಬಂದರು. ಹರಿಹರದ ಕಡೆ ಅವರ ಘಟಕ. ಮಿಡಿಸೌತೆಯನ್ನು ವಿನೆಗರ್‌ನಲ್ಲಿ ನೆನೆಸಿ, ಡ್ರಮ್‌ಗಳಿಗೆ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ಸ್ಟೇಟ್‌ಮೆಂಟಿನ ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೀಟು ಎಳೆದಿದ್ದರು.

"ಸಾರ್, ದುಡ್ಡು ತಡ ಮಾಡಿದ್ದು ಆ ಫಾರಿನ್ ಪಾರ್ಟಿ. ನನ್ನ ಖಾತೆಯಿಂದ ಒಂದು ಲಕ್ಷ ಯಾಕೆ ಕಡಿದರು? ಡೇಟ್ ಸುಮ್ನೆ ಮುಂದಕ್ಕೆ ಹಾಕಿ ಅಂದಿದ್ದೆ ಅಷ್ಟೇ."

ಆ 'ಸುಮ್ನೆ' ಅನ್ನೋ ಮಾತೇ ತಾಪತ್ರಯ. ಮುಂದೆ ಬರೋ ಡಾಲರನ್ನು ಇಂಥ ತಾರೀಖಿಗೆ ಇಷ್ಟು ರೇಟಿಗೆ ಮಾರ್ತೀನಿ ಅಂತ ಬ್ಯಾಂಕಿನ ಜೊತೆ ಈಗಲೇ ಬರೆಸಿಡೋದು ಫಾರ್ವರ್ಡ್ ಕಾಂಟ್ರಾಕ್ಟ್. ಅದರ ತಾರೀಖನ್ನು ಹಳೇ ರೇಟಿನಲ್ಲೇ ಮುಂದಕ್ಕೆ ತಳ್ಳೋದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ರೋಲ್‌ಓವರ್ ಅಂದರೆ ಹಳೇ ಕಾಂಟ್ರಾಕ್ಟನ್ನು ಇವತ್ತಿನ ರೇಟಿಗೆ ಮುರಿದು, ಇವತ್ತಿನ ರೇಟಿಗೇ ಹೊಸದನ್ನು ಬರೆಸೋದು. ಎರಡು ವ್ಯವಹಾರ. ಸ್ಟೇಟ್‌ಮೆಂಟಿನಲ್ಲಿ ಮೊದಲನೆಯದು ಮಾತ್ರ ಕಾಣುತ್ತೆ, ಅದಕ್ಕೇ ಜಗಳ.

ಅವರ ಲೆಕ್ಕವನ್ನು ಸ್ವಲ್ಪ ದುಂಡಗೆ ಮಾಡಿ ಹೇಳ್ತೀನಿ. 50,000 ಡಾಲರನ್ನು 85 ರೂಪಾಯಿಗೆ ಮಾರೋದಾಗಿ ಬರೆಸಿದ್ದರು. ಸಿಗಬೇಕಿದ್ದದ್ದು 42,50,000. ವಾಯಿದೆ ಹತ್ತಿರ ಬಂದಾಗ ಪಾರ್ಟಿ 45 ದಿನ ಬೇಕು ಅಂದಿತು. ಅಷ್ಟರಲ್ಲಿ ಡಾಲರ್ ಏರಿತ್ತು. ಬ್ಯಾಂಕಿಗೆ ಕೊಡಬೇಕಾದ ಡಾಲರ್ ಇವರ ಕೈಯಲ್ಲಿ ಇಲ್ಲ. ಹಾಗಾಗಿ ಬ್ಯಾಂಕಿನಿಂದಲೇ 87ಕ್ಕೆ ಕೊಂಡು, ಬ್ಯಾಂಕಿಗೇ 85ಕ್ಕೆ ಕೊಟ್ಟ ಲೆಕ್ಕ. ಡಾಲರಿಗೆ ಎರಡು ರೂಪಾಯಿ, ಒಟ್ಟು ಒಂದು ಲಕ್ಷ. ಕೆಂಪು ಗೀಟಿನ ಸಾಲು ಇದೇ.

ಅದೇ ಹೊತ್ತಿಗೆ 45 ದಿನಕ್ಕೆ ಹೊಸ ಕಾಂಟ್ರಾಕ್ಟ್ ಬರೆಸಿದರು. ಆ ದಿನ ಬ್ಯಾಂಕ್ ಡಾಲರ್ ಕೊಳ್ಳೋ ರೇಟು 86.90. ಮುಂದಿನ ತಾರೀಖಿಗೆ ಮಾರೋದಕ್ಕೆ ಅದರ ಮೇಲೆ ಸೇರಿಸಿ ಕೊಡೋದು ಪ್ರೀಮಿಯಂ, 45 ದಿನಕ್ಕೆ 20 ಪೈಸೆ. ಹೊಸ ರೇಟು 87.10. ಡಾಲರ್ ಬಂದಾಗ ಕೈಗೆ 43,55,000. ಕಡಿದ ಒಂದು ಲಕ್ಷ ಕಳೆಯಿರಿ, 42,55,000 ಉಳಿಯುತ್ತೆ. ಮೊದಲಿನದಕ್ಕಿಂತ 5,000 ಜಾಸ್ತಿ! ಆ ಲಕ್ಷ ಎಲ್ಲೂ ಹೋಗಿಲ್ಲ, ಹೊಸ ರೇಟಿನೊಳಗೆ ಕೂತಿದೆ.

ಹಾಗಾದರೆ ಖರ್ಚೇ ಇಲ್ವಾ? ಇದೆ. ಬ್ಯಾಂಕ್ ಮಾರಿದ್ದು 87ಕ್ಕೆ, ಕೊಂಡದ್ದು 86.90ಕ್ಕೆ. ಆ 10 ಪೈಸೆ, ಅಂದರೆ 5,000, ನಿಜವಾದ ಖರ್ಚು. ಚೌಕಾಸಿ ಮಾಡೋದಿದ್ದರೆ ಅಲ್ಲಿ ಮಾಡಿ. ಒಂದು ಲಕ್ಷವನ್ನು 45 ದಿನ ಮೊದಲೇ ಕಟ್ಟಿದ್ದಕ್ಕೆ 10 ಪರ್ಸೆಂಟ್ ಹಿಡಿದರೂ ಬಡ್ಡಿ 1,200 ಚಿಲ್ಲರೆ. ಮೇಲೆ ಬ್ಯಾಂಕಿನ ಚಾರ್ಜು, ಅದು ಒಂದೊಂದು ಬ್ಯಾಂಕಿಗೆ ಒಂದೊಂದು ಥರ. ಪ್ರೀಮಿಯಂ ಕೂಡ ದಿನಾ ಒಂದೇ ಇರಲ್ಲ, ಆದ್ದರಿಂದ ಪ್ರತಿ ಸಲ ಹೀಗೇ ಮಿಗುತ್ತೆ ಅಂತ ನಾನು ಬರೆದುಕೊಡಲ್ಲ.

ನನಗೆ ಸಿಟ್ಟು ಬರೋದು ಇಲ್ಲಿ ಅಲ್ಲ. ಲಕ್ಷ ಕಡಿದರು ಅಂತ ಮುನಿಸಿಕೊಂಡು, ಫಾರ್ವರ್ಡ್ ಸಹವಾಸವೇ ಬೇಡ ಅಂತ ಹೊಸದು ಬರೆಸದೆ ಎದ್ದು ಬರ್ತಾರಲ್ಲ, ಅಲ್ಲಿ. ಆಮೇಲೆ ಡಾಲರ್ 85ಕ್ಕೆ ಇಳಿದರೆ ಆ ಲಕ್ಷ ಆಗ ನಿಜವಾಗಿ ಹೋಯಿತು. ಡಾಲರ್ ಇಳಿದಿದ್ದಾಗ ಮುರಿದರೆ ಉಲ್ಟಾ, ಖಾತೆಗೆ ದುಡ್ಡು ಬರುತ್ತೆ. ಹಿಂದೊಬ್ಬರು ಅದನ್ನು ಲಾಭ ಅಂದುಕೊಂಡು ಹೊಸ ಬೈಕ್ ತಗೊಂಡರು. ಮುಂದೆ ಕಡಿಮೆ ರೇಟಿಗೆ ಬರಲಿರುವ ಬಿಲ್ಲಿನ ಕೊರತೆ ತುಂಬಬೇಕಾದ ದುಡ್ಡು ಅದು. ಆರ್ಡರೇ ಸತ್ತು ಡಾಲರ್ ಬರೋದೇ ಇಲ್ಲ ಅಂತಾದರೆ ಮಾತ್ರ ಮುರಿದು ಬಿಡಿ. ಆಗ ಬಂದ ಲಾಭ ಅಥವಾ ನಷ್ಟ ನಿಮ್ಮದೇ.

ಇನ್ನೊಂದು ವಿಷಯ, ವಾಯಿದೆ ದಿನದ ತನಕ ಕಾಯಬೇಡಿ. ಎರಡು ಕೆಲಸದ ದಿನ ಮೊದಲೇ ಬ್ಯಾಂಕಿಗೆ ಬರೆದು ತಿಳಿಸಿ. ಇಲ್ಲಿನ ಬ್ರಾಂಚಿನವರು ಸಾಮಾನ್ಯವಾಗಿ ಬೆಂಗಳೂರಿಗೆ ಫೋನ್ ಮಾಡಿ ರೇಟು ತರಿಸಬೇಕು, ಮಾರುಕಟ್ಟೆ 3.30ಕ್ಕೆ ಮುಚ್ಚುತ್ತೆ. ನೀವು ಸುಮ್ಮನಿದ್ದರೆ ವಾಯಿದೆ ದಾಟಿದ ಕೆಲವೇ ದಿನಗಳಲ್ಲಿ ಬ್ಯಾಂಕ್ ತಾನಾಗಿ ಮುರಿಯುತ್ತೆ. ಹಾಗೆ ಮುರಿದಾಗ ನಷ್ಟ ನಿಮ್ಮಿಂದ ವಸೂಲಿ, ಲಾಭವಿದ್ದರೆ ನಿಮಗೆ ಕೊಡಲ್ಲ.

ಯಾವಾಗಲೂ ತಡ ಮಾಡೋ ಪಾರ್ಟಿಯಾದರೆ ಒಂದೇ ತಾರೀಖಿನ ಬದಲು ಇಡೀ ತಿಂಗಳಲ್ಲಿ ಯಾವಾಗ ಬೇಕಾದರೂ ಕೊಡುವಂತೆ ಬರೆಸಬಹುದು. ಪ್ರೀಮಿಯಂ ಆ ತಿಂಗಳ ಮೊದಲ ದಿನದವರೆಗೆ ಮಾತ್ರ ಸಿಗುತ್ತೆ, ಕೆಲವು ಪೈಸೆ ಬಿಡಬೇಕು.

ಕೊನೆಗೆ ಅವರ ಬಿಲ್ ಮೇಲಿನ ಸಾಲದ ಲೆಕ್ಕ ತೆಗೆದೆ. 40 ಲಕ್ಷಕ್ಕೆ 9 ಪರ್ಸೆಂಟಿನಂತೆ 45 ದಿನಕ್ಕೆ ಸುಮಾರು 44,000 ಬಡ್ಡಿ. ಪಾರ್ಟಿಯ ತಡಕ್ಕೆ ತೆತ್ತ ದಂಡ ಅದು, ಅದರ ಕೆಳಗೆ ಗೀಟು ಇರಲಿಲ್ಲ. "ಇದನ್ನ ಅವರ ಹತ್ರ ಕೇಳಿದ್ರಾ?" ಅಂದೆ.

"ಹತ್ತು ವರ್ಷದ ಪಾರ್ಟಿ ಸಾರ್, ಹೆಂಗೆ ಕೇಳಾದು?" ಅಂದರು.