‘ಎಂಬತ್ತನಾಲ್ಕು’: ಒಂದು ತಂಡದ ಹೆಸರಿನ ಹಿನ್ನೆಲೆ

ಕಾಲೇಜು ಉತ್ಸವಗಳಲ್ಲಿ ತಂಡಕ್ಕೆ ಹೆಸರಿಟ್ಟರೆ ಸಾಲದು, ವೇದಿಕೆ ಹತ್ತಿ ಅದರ ಅರ್ಥವನ್ನೂ ಒಪ್ಪಿಸಬೇಕು. ಎಂಜಿನಿಯರಿಂಗ್ ಕಾಲೇಜೊಂದರ ಬೀದಿನಾಟಕ ತಂಡದ ನಾಯಕಿ ಮೈಕ್ ಹಿಡಿದು ‘ಎಂಬತ್ತನಾಲ್ಕು’ ಎಂದಾಗ ಹಿಂದಿನ ಸಾಲುಗಳು ಗೊಳ್ಳೆಂದು ನಕ್ಕವು. ಮುಂದೆ ಕುಳಿತ ಅತಿಥಿಗಳು ಪರಸ್ಪರ ಮುಖ ನೋಡಿಕೊಂಡರು.

ವಿದ್ಯಾರ್ಥಿಗಳಿಗೆ ವಿವರಣೆ ಬೇಕಿರಲಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 85 ಹಾಜರಾತಿ ಇರಬೇಕು. ಒಂದು ವಿಷಯಕ್ಕೆ 50 ತರಗತಿಗಳು ನಡೆದವು ಎನ್ನಿ. 42ಕ್ಕೆ ಹೋದವರದು ಶೇ. 84, 43ಕ್ಕೆ ಹೋದವರದು ಶೇ. 86. ನಡುವಿನ 85 ಈ ಲೆಕ್ಕದಲ್ಲಿ ಯಾರಿಗೂ ಸಿಗುವುದೇ ಇಲ್ಲ. ಹಾಗಾಗಿ ಎಂಬತ್ತನಾಲ್ಕು ಎಂದರೆ ನಿದ್ದೆಗೋ ನಾಟಕದ ತಾಲೀಮಿಗೋ ಬಲಿಯಾದ ಒಂದೇ ಒಂದು ತರಗತಿ.

ಸೂಕ್ತ ಕಾರಣವಿದ್ದರೆ ಶೇ. 10ರವರೆಗಿನ ಕೊರತೆಯನ್ನು ಮನ್ನಾ ಮಾಡಲು ಅವಕಾಶವಿದೆ. ಎಂಬತ್ತನಾಲ್ಕಕ್ಕೆ ಯಾರ ವರ್ಷವೂ ಹಾಳಾಗುವುದಿಲ್ಲ ಎಂಬುದು ಸಭೆಗೆ ಗೊತ್ತಿತ್ತು. ನಗು ಬಂದದ್ದೂ ಅದರಿಂದಲೇ. ತಂಡಕ್ಕೆ ‘ನಲವತ್ತು’ ಎಂದು ಹೆಸರಿಟ್ಟಿದ್ದರೆ ಸಭೆ ಅಯ್ಯೋ ಪಾಪ ಎನ್ನುತ್ತಿತ್ತು. ವೈದ್ಯರ ಪ್ರಮಾಣಪತ್ರ ಹಿಡಿದು ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ಬೆವರುವವನ ಪಾಡಿಗೆ ಮಾತ್ರ ಧಾರಾಳವಾಗಿ ನಗಬಹುದು.

ಆದರೆ ಅತಿಥಿಗಳಿಗೆ ಈ ನಿಯಮ ಗೊತ್ತಿಲ್ಲ. ಭಾಷಣದ ಜಾಣತನ ನನಗೆ ಕಂಡದ್ದು ಇಲ್ಲಿ. ನಾಯಕಿ ಹಾಜರಾತಿಯ ಮಾತೆತ್ತದೆ ನೇರವಾಗಿ ಎಂಬತ್ತನಾಲ್ಕು ಲಕ್ಷ ಜೀವರಾಶಿಗಳಿಂದ ಶುರುಮಾಡಿದಳು. ಅಷ್ಟು ಜನ್ಮಗಳನ್ನು ದಾಟಿದ ಮೇಲೆ ಮಾನವ ಜನ್ಮ ಎಂದು ಹಿರಿಯರು ಹೇಳುತ್ತಾರೆ ಎಂದಾಗ ಮುಂದಿನ ಸಾಲು ತಲೆದೂಗಿತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವನು ಅದೇ ವಿಷಯಕ್ಕಾಗಿ ಕಿರಿಯರ ಜೊತೆ ಮತ್ತೆ ಹುಟ್ಟಿಬರಬೇಕು, ನಮಗೆ ಲಕ್ಷವೇನೂ ಬೇಡ, ಬರೀ ಎಂಬತ್ತನಾಲ್ಕು ಸಾಕು ಎಂದಾಗ ಅತಿಥಿಗಳೂ ನಕ್ಕರು. ಹಳೆಯ ನಂಬಿಕೆಯ ಬೆನ್ನೇರಿ ನಿಯಮ ತಾನಾಗಿ ಅರ್ಥವಾಗಿತ್ತು. ನಿಯಮವನ್ನೇ ಮೊದಲು ಓದಿ ಹೇಳಿದ್ದರೆ ಅದು ಸುತ್ತೋಲೆಯಾಗುತ್ತಿತ್ತು.

ತಂಡ ಮೊದಲು ಯೋಚಿಸಿದ್ದು ಸದಸ್ಯರ ಹೆಸರುಗಳ ಮೊದಲಕ್ಷರ ಜೋಡಿಸುವ ಹಳೆಯ ದಾರಿಯನ್ನು. ಒಬ್ಬ ತಂಡ ಬಿಟ್ಟೊಡನೆ ಆ ಹೆಸರಿನ ಹಲ್ಲೂ ಉದುರಿತಂತೆ.

ಕೊನೆಯ ತಮಾಷೆ ಪ್ರಾಂಶುಪಾಲರಿಗೆ ಮೀಸಲಾಗಿತ್ತು. ಉತ್ಸವದಲ್ಲಿ ಭಾಗವಹಿಸುವವರಿಗೆ ‘ಆನ್ ಡ್ಯೂಟಿ’ ಹಾಜರಿ ಕೊಡುವ ರೂಢಿಯಿದೆ. ತಾವು ಸಹಿ ಹಾಕಿದರೆ ನಾವು ಎಂಬತ್ತಾರಾಗುತ್ತೇವೆ, ಹೆಸರು ಸುಳ್ಳಾಗುತ್ತದೆ, ಆದರೂ ಆ ನಷ್ಟವನ್ನು ಸಹಿಸಿಕೊಳ್ಳುತ್ತೇವೆ ಎಂದು ಅವಳು ಕೈಮುಗಿದಳು. ನಂತರ ಮಾತನಾಡಿದ ಪ್ರಾಂಶುಪಾಲರು, ನಾಟಕದ ದಿನಕ್ಕೆ ಹಾಜರಿ ಖಂಡಿತ ಕೊಡುತ್ತೇನೆ, ತಾಲೀಮಿನ ದಿನಗಳಿಗೆ ಕೇಳಬೇಡಿ ಎಂದರು.