ಒಂದೇ ಅಮಾವಾಸ್ಯೆ, ಊರಿಗೊಂದು ಕಥೆ

2024ರ ದೀಪಾವಳಿ ಬನಶಂಕರಿಯ ನಮ್ಮ ಕಟ್ಟಡಕ್ಕೆ ಒಂದೇ ಸಲ ಬರಲಿಲ್ಲ. ಅಕ್ಟೋಬರ್ 31ರ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಮೇಲಿನ ಮಹಡಿಯ ತಮಿಳರ ಮನೆಯಲ್ಲಿ ಎಣ್ಣೆಸ್ನಾನ ಮುಗಿದು ಪಟಾಕಿ ಶುರುವಾಗಿತ್ತು. ಅವತ್ತೇ ನಡುರಾತ್ರಿ ಎದುರುಮನೆಯ ಬಂಗಾಳಿ ದಂಪತಿ ಕಾಳಿಪೂಜೆ ಮುಗಿಸಿ ಬಂದರು. ಲಖನೌ ಕಡೆಯ ಒಂದು ಕುಟುಂಬ ನವೆಂಬರ್ 1ರ ಸಂಜೆ ಲಕ್ಷ್ಮೀಪೂಜೆ ಮಾಡಿತು. ಅದೇ ಊರಿನ ಇನ್ನೊಂದು ಕುಟುಂಬ ಹಿಂದಿನ ಸಂಜೆಯೇ ಮಾಡಿ ಮುಗಿಸಿತ್ತು. ನಮ್ಮಮ್ಮ ತೀರ್ಥಹಳ್ಳಿ ಕಡೆಯವರು. ಅವರಿಗೆ ನಿಜವಾದ ಹಬ್ಬ ಅಂದರೆ ನವೆಂಬರ್ 2ರ ಬಲಿಪಾಡ್ಯಮಿ.

ಕಾರಣಗಳೂ ಬೇರೆ ಬೇರೆ. ಮೇಲಿನ ಮನೆಯವರಿಗೆ ಕೃಷ್ಣ ನರಕಾಸುರನನ್ನು ಕೊಂದ ದಿನ. ಲಖನೌದವರಿಗೆ ರಾಮ ಅಯೋಧ್ಯೆಗೆ ಮರಳಿದ ದಿನ. ನೆಲಮಹಡಿಯ ಗುಜರಾತಿ ಜೈನರಿಗೆ ಪಾವಾಪುರಿಯಲ್ಲಿ ಮಹಾವೀರರು ಮೋಕ್ಷ ಹೊಂದಿದ ರಾತ್ರಿ. ಅಮ್ಮನಿಗೆ ಬಲಿ ಚಕ್ರವರ್ತಿ ಮನೆಗೆ ಬರುವ ಹೊತ್ತು. ಇದನ್ನು ನೋಡಿ "ಒಂದೇ ಹಬ್ಬಕ್ಕೆ ಇಷ್ಟೊಂದು ಕಾರಣ ಯಾಕೆ?" ಅಂತ ಕೇಳುವುದು ಸಹಜ. ನನಗನ್ನಿಸುವುದು, ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಇಷ್ಟೆಲ್ಲ ಕಥೆಗಳು ಬಂದು ಸೇರಿಕೊಂಡಿರುವ ಆ ದಿನದಲ್ಲಿ ಏನಿದೆ?

ಮೊದಲು ಆಕಾಶದ ಲೆಕ್ಕ ನೋಡೋಣ. ಪಂಚಾಂಗದ ತಿಥಿ ಬೆಳಗ್ಗೆ ಶುರುವಾಗಿ ರಾತ್ರಿ ಮುಗಿಯುವ ದಿನವಲ್ಲ. ಭೂಮಿಯಿಂದ ನೋಡಿದಾಗ ಸೂರ್ಯನಿಗೂ ಚಂದ್ರನಿಗೂ ನಡುವಿನ ಅಂತರ 12 ಡಿಗ್ರಿ ಬದಲಾಗಲು ಹಿಡಿಯುವ ಹೊತ್ತೇ ಒಂದು ತಿಥಿ. ಚಂದ್ರ ಭೂಮಿಗೆ ಹತ್ತಿರ ಇದ್ದಾಗ ಬೇಗ ಓಡುತ್ತಾನೆ, ದೂರ ಇದ್ದಾಗ ನಿಧಾನ. ಹಾಗಾಗಿ ಒಂದು ತಿಥಿ 20 ಗಂಟೆಗೂ ಮುಗಿಯಬಹುದು, 26 ಗಂಟೆಯನ್ನೂ ದಾಟಬಹುದು. ಅದು ಹಗಲು ರಾತ್ರಿಯ ಯಾವ ಗಳಿಗೆಯಲ್ಲಾದರೂ ಶುರುವಾಗಬಹುದು.

2024ರ ಅಕ್ಟೋಬರ್ ಕೊನೆಗೆ ಚಂದ್ರ ಭೂಮಿಯಿಂದ ದೂರದ ತುದಿಯಲ್ಲಿದ್ದ. ತಿಥಿಗಳು ಉದ್ದವಾಗಿದ್ದವು. ಚತುರ್ದಶಿ ಮುಗಿದು ಅಮಾವಾಸ್ಯೆ ಶುರುವಾದದ್ದು ಅಕ್ಟೋಬರ್ 31ರ ಮಧ್ಯಾಹ್ನ 3 ಗಂಟೆ 52 ನಿಮಿಷಕ್ಕೆ. ಮುಗಿದದ್ದು ನವೆಂಬರ್ 1ರ ಸಂಜೆ ಸುಮಾರು 6 ಗಂಟೆ 16 ನಿಮಿಷಕ್ಕೆ. ನಮ್ಮ ಕಟ್ಟಡದಲ್ಲಿ ಆದದ್ದೆಲ್ಲ ಈ ಎರಡು ಅಂಕಿಗಳಲ್ಲೇ ಇದೆ.

ನರಕ ಚತುರ್ದಶಿಯ ಅಭ್ಯಂಜನಕ್ಕೆ ಸೂರ್ಯ ಹುಟ್ಟುವ ಮೊದಲು ಚತುರ್ದಶಿ ಇರಬೇಕು. 31ರ ಬೆಳಗಿನ ಜಾವ ಇತ್ತು. ಕಾಳಿಪೂಜೆಗೆ ನಡುರಾತ್ರಿ ಅಮಾವಾಸ್ಯೆ ಇರಬೇಕು. ಅದು ಸಿಕ್ಕಿದ್ದು 31ರ ರಾತ್ರಿ ಮಾತ್ರ. ಪಾಡ್ಯ ನವೆಂಬರ್ 1ರ ಸಂಜೆ ಶುರುವಾಗಿ 2ರ ಹಗಲಿಡೀ ಇತ್ತು. ಹಾಗಾಗಿ ಬಲಿಪಾಡ್ಯಮಿ 2ಕ್ಕೆ. ಇವು ಮೂರಕ್ಕೂ ತಕರಾರಿಲ್ಲ. ಗೊಂದಲ ಆದದ್ದು ಲಕ್ಷ್ಮೀಪೂಜೆಗೆ. ಅದಕ್ಕೆ ಪ್ರದೋಷ ಕಾಲದಲ್ಲಿ, ಅಂದರೆ ಸೂರ್ಯ ಮುಳುಗಿದ ಮೇಲಿನ ಎರಡು ಗಂಟೆ ಚಿಲ್ಲರೆ ಹೊತ್ತಿನಲ್ಲಿ, ಅಮಾವಾಸ್ಯೆ ಇರಬೇಕು. 31ರ ಸಂಜೆ ಪೂರ್ತಿ ಇತ್ತು. ನವೆಂಬರ್ 1ರಂದು ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ್ದು ಸುಮಾರು 5 ಗಂಟೆ 53 ನಿಮಿಷಕ್ಕೆ. ಆಮೇಲೆ ಅಮಾವಾಸ್ಯೆ ಉಳಿದದ್ದು 20 ನಿಮಿಷಕ್ಕಿಂತ ಚೂರು ಜಾಸ್ತಿ. ಅಷ್ಟು ಸಾಕು ಅನ್ನುವವರು 1ರಂದು ಮಾಡಿದರು, ಸಾಲದು ಅನ್ನುವವರು 31ರಂದೇ ಮಾಡಿದರು. ಕೋಲ್ಕತ್ತದಲ್ಲಿ ಅವತ್ತು ಐದು ಗಂಟೆಗೆಲ್ಲ ಸೂರ್ಯ ಮುಳುಗಿದ್ದ. ಅಲ್ಲಿ ಒಂದು ಗಂಟೆಗೂ ಹೆಚ್ಚು ಅಮಾವಾಸ್ಯೆ ಉಳಿದಿತ್ತು. ಚಂದ್ರನಿಗೆ ಎಲ್ಲ ಊರೂ ಒಂದೇ. ಆದರೆ ಸಂಜೆ ಊರಿಂದ ಊರಿಗೆ ಬದಲಾಗುತ್ತದೆ.

ದಿನ ಯಾಕೆ ಚದುರುತ್ತದೆ ಅನ್ನುವುದು ಇದರಿಂದ ಗೊತ್ತಾಯಿತು. ಆದರೆ ಕಥೆ ಯಾಕೆ ಬದಲಾಗುತ್ತದೆ? ಇದಕ್ಕೆ ಪಂಚಾಂಗ ಸಾಲದು, ಹಳೆಯ ಬರಹಗಳನ್ನು ನೋಡಬೇಕು.

ಹೆಚ್ಚು ಜನರಿಗೆ ಗೊತ್ತಿರುವ ಕಾರಣ ರಾಮನದು. ಆದರೆ ವಾಲ್ಮೀಕಿ ರಾಮಾಯಣದಲ್ಲಿ ರಾಮ ಹದಿನಾಲ್ಕು ವರ್ಷ ತುಂಬಿಸಿ ಭರದ್ವಾಜರ ಆಶ್ರಮಕ್ಕೆ ಬರುವುದು ಪಂಚಮಿಯಂದು ಎಂದಿದೆ. ಅಲ್ಲಿಂದ ಮುಂದೆ ಅಯೋಧ್ಯೆ. ಪಂಚಮಿಗೂ ಅಮಾವಾಸ್ಯೆಗೂ ತಾಳೆಯಾಗುವುದಿಲ್ಲ. ಅಂದರೆ ಈ ದೀಪದ ದಿನ ರಾಮಾಯಣದಿಂದ ಹುಟ್ಟಿದ್ದಲ್ಲ. ಮೊದಲೇ ಇದ್ದ ದೀಪದ ದಿನಕ್ಕೆ ರಾಮನ ಕಥೆ ಆಮೇಲೆ ಬಂದು ಸೇರಿದೆ. ಅದು ಉತ್ತರದಲ್ಲೇ ಗಟ್ಟಿಯಾಗಿ ನಿಂತದ್ದೂ ಅರ್ಥವಾಗುವ ವಿಷಯ. ಅಯೋಧ್ಯೆ ಇರುವುದು ಅಲ್ಲೇ. ವಿಜಯದಶಮಿಗೆ ರಾಮಲೀಲೆಯಲ್ಲಿ ರಾವಣ ಸುಟ್ಟುಹೋಗುತ್ತಾನೆ. ಆಮೇಲೆ ಸರಿಯಾಗಿ ಇಪ್ಪತ್ತನೆಯ ತಿಥಿಯೇ ಈ ಅಮಾವಾಸ್ಯೆ. ಕಥೆಯ ಮುಂದಿನ ಭಾಗಕ್ಕೆ ಜಾಗ ಸಿದ್ಧವಾಗೇ ಇತ್ತು.

ಹಾಗಾದರೆ ಮೊದಲು ಅಲ್ಲಿ ಯಾವ ಕಥೆ ಇತ್ತು? ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಾಕ್ಷಿ ಅಲ್‌ಬೀರೂನಿಯದು. ಆತ ಘಜ್ನಿಯ ಮಹಮೂದನ ಕಾಲದ ವಿದ್ವಾಂಸ. ಸಂಸ್ಕೃತ ಕಲಿತವನು. ಅವನಿಗೆ ಪರಿಚಯವಿದ್ದ ಭಾರತ ಅಂದರೆ ವಾಯವ್ಯದ ಪಂಜಾಬಿನ ಕಡೆಯದು. 1030ರ ಸುಮಾರಿಗೆ ಹಿಂದೂಗಳ ಹಬ್ಬಗಳ ಬಗ್ಗೆ ಬರೆಯುತ್ತಾ 'ದೀಬಾಲಿ'ಯನ್ನು ವಿವರಿಸಿದ್ದಾನೆ. ಜನ ಸ್ನಾನ ಮಾಡಿ ಒಳ್ಳೆಯ ಬಟ್ಟೆ ಹಾಕಿಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಡುತ್ತಾರೆ. ರಾತ್ರಿ ಎಲ್ಲೆಲ್ಲೂ ದೀಪ ಹಚ್ಚುತ್ತಾರೆ. ಕಾರಣ? ವಾಸುದೇವನ ಹೆಂಡತಿ ಲಕ್ಷ್ಮಿ, ಪಾತಾಳದಲ್ಲಿ ಸೆರೆಯಲ್ಲಿರುವ ವಿರೋಚನನ ಮಗ ಬಲಿಯನ್ನು ವರ್ಷಕ್ಕೊಮ್ಮೆ ಈ ದಿನ ಬಿಡಿಸಿ ಲೋಕಕ್ಕೆ ಕಳಿಸುತ್ತಾಳೆ. ಅದಕ್ಕೇ ಈ ಹಬ್ಬಕ್ಕೆ 'ಬಲಿರಾಜ್ಯ' ಅನ್ನುತ್ತಾರೆ ಎಂದು ಬರೆದಿದ್ದಾನೆ.

ಅಮ್ಮನಿಗೆ ಇದನ್ನು ಓದಿ ಹೇಳಿದೆ. "ನಮ್ಮ ಬಲೀಂದ್ರ ಅಷ್ಟು ದೂರ ಇದ್ದನೇನೋ?" ಅಂದರು. ಇದ್ದ. ನಾವು ಮಲೆನಾಡಿಗೂ ಕರಾವಳಿಗೂ ಸೇರಿದ್ದು ಅಂದುಕೊಂಡ ಕಥೆ ಸಾವಿರ ವರ್ಷದ ಹಿಂದೆ ಅಷ್ಟು ದೂರದ ಅಲ್‌ಬೀರೂನಿಗೂ ಹಬ್ಬದ ಕಾರಣವಾಗಿ ಕೇಳಿಬಂದಿತ್ತು. ಇವತ್ತು ಅದೇ ಪಂಜಾಬಿನಲ್ಲಿ ಹಿಂದೂಗಳು ರಾಮನ ಹೆಸರು ಹೇಳುತ್ತಾರೆ. ಸಿಖ್ಖರು ಗ್ವಾಲಿಯರ್ ಕೋಟೆಯ ಸೆರೆಯಿಂದ ಗುರು ಹರಗೋಬಿಂದರು 52 ಮಂದಿ ಅರಸರನ್ನು ಜೊತೆಗೆ ಬಿಡಿಸಿಕೊಂಡು ಬಂದದ್ದನ್ನು ನೆನೆಯುತ್ತಾರೆ. ಅದು 17ನೇ ಶತಮಾನದ ಘಟನೆ. ಸೆರೆಯಿಂದ ಬಿಡುಗಡೆ ಅನ್ನುವ ಎಳೆ ಬಲಿಯ ಕಥೆಯಲ್ಲೂ ಇತ್ತು, ಅಲ್ವಾ? ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಪುರಾವೆ ಬೇಕು. ಆದರೆ ಕಾರಣಗಳು ಸರಿದುಹೋಗಿವೆ, ದೀಪ ಹಚ್ಚುವುದು ಸರಿದಿಲ್ಲ ಅನ್ನುವುದು ಸ್ಪಷ್ಟ.

ಇನ್ನೂ ಹಿಂದಕ್ಕೆ ಹೋಗೋಣ. 7ನೇ ಶತಮಾನದಲ್ಲಿ ದೊರೆ ಹರ್ಷ ಬರೆದ 'ನಾಗಾನಂದ' ನಾಟಕದಲ್ಲಿ 'ದೀಪಪ್ರತಿಪದೋತ್ಸವ' ಅನ್ನುವ ಹಬ್ಬ ಬರುತ್ತದೆ. ಪ್ರತಿಪದೆ ಅಂದರೆ ಪಾಡ್ಯ. ಹೊಸದಾಗಿ ಮದುವೆಯಾದವರಿಗೆ ಆ ಹಬ್ಬಕ್ಕೆಂದು ಹೆಣ್ಣಿನ ಮನೆಯಿಂದ ಬಟ್ಟೆ ಕಳಿಸುತ್ತಾರೆ. ಮೊದಲ ದೀಪಾವಳಿಗೆ ಹೊಸ ಅಳಿಯನನ್ನು ಕರೆದು ಬಟ್ಟೆ ಕೊಡುವ ಮನೆಗಳು ನಮ್ಮಲ್ಲಿ ಇವತ್ತಿಗೂ ಎಷ್ಟಿಲ್ಲ! ಆಚರಣೆ ಎಷ್ಟು ಗಟ್ಟಿ ಅನ್ನುವುದು ಇಲ್ಲಿ ಕಾಣುತ್ತದೆ.

ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಎಂಬ ವಿದ್ವಾಂಸ 1889ರಲ್ಲಿ ಇಂಥದೇ ಮಾತು ಹೇಳಿದ್ದ. ಹಳೆಯ ಧರ್ಮಗಳಲ್ಲಿ ಆಚರಣೆ ಬದಲಾಗದೆ ನಿಲ್ಲುತ್ತದೆ, ಅದನ್ನು ವಿವರಿಸುವ ಕಥೆ ಮಾತ್ರ ಬದಲಾಗುತ್ತಿರುತ್ತದೆ ಅಂತ. ಎಲ್ಲ ಹಬ್ಬಕ್ಕೂ ಇದು ಹೊಂದುವುದಿಲ್ಲ. ದೀಪಾವಳಿಗೆ ಬಹಳಷ್ಟು ಹೊಂದುತ್ತದೆ. ನಡುವೆ ಒಬ್ಬ ಅರಸನ ಒತ್ತಾಸೆಯೂ ಕೆಲಸ ಮಾಡಬಹುದು. ಬಂಗಾಳದಲ್ಲಿ ಈ ಅಮಾವಾಸ್ಯೆಯ ಕಾಳಿಪೂಜೆ ಹರಡಿದ್ದರಲ್ಲಿ 18ನೇ ಶತಮಾನದ ನದಿಯಾದ ರಾಜ ಕೃಷ್ಣಚಂದ್ರನ ಪಾತ್ರ ದೊಡ್ಡದು.

ತಿಂಗಳು ಎಣಿಸುವ ರೀತಿಯೂ ಕಾರಣವನ್ನು ಬದಲಿಸುತ್ತದೆ. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಅವರಿಗೆ ಈ ಅಮಾವಾಸ್ಯೆ ಕಾರ್ತಿಕದ ನಡುವೆ ಬರುತ್ತದೆ. ನಮ್ಮಲ್ಲಿ ಮತ್ತು ಗುಜರಾತಿನಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಹಾಗಾಗಿ ಪಾಡ್ಯ ಹೊಸ ತಿಂಗಳ ಮೊದಲ ದಿನ. ಗುಜರಾತಿಗಳ ವಿಕ್ರಮ ವರ್ಷ ಶುರುವಾಗುವುದೂ ಅದೇ ಪಾಡ್ಯದಂದು. ಉತ್ತರದವರು ವಿಕ್ರಮ ಸಂವತ್ 2081ಕ್ಕೆ ಕಾಲಿಟ್ಟದ್ದು 2024ರ ಏಪ್ರಿಲ್‌ನಲ್ಲಿ. ನಮ್ಮ ನೆಲಮಹಡಿಯವರು ಕಾಲಿಟ್ಟದ್ದು ನವೆಂಬರ್ 2ರಂದು. ಅವರ ಚಿಕ್ಕಪೇಟೆಯ ಅಂಗಡಿಯಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೂ ಹೊಸ ಲೆಕ್ಕದ ಪುಸ್ತಕ ತಂದು, ಮೊದಲ ಪುಟದಲ್ಲಿ 'ಶ್ರೀ' ಬರೆದು ಪೂಜೆ ಮಾಡುತ್ತಾರೆ. ಮಳೆ ನಿಂತು, ದಾರಿಗಳು ಒಣಗಿ, ಬೆಳೆ ಪೇಟೆಗೆ ಬರುವ ಹೊತ್ತು ಅದು. ವ್ಯಾಪಾರಿಗೆ ವರ್ಷ ಇಲ್ಲಿಂದಲೇ ಶುರುವಾಗುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ನಾಡಿನೊಳಗೇ ಎಷ್ಟು ಬಗೆ ಇದೆ ನೋಡಿ. ತ್ರಯೋದಶಿ ಸಂಜೆ ಹಂಡೆ ತಿಕ್ಕಿ ನೀರು ತುಂಬುವ ಹಬ್ಬ ಹೆಚ್ಚು ಕಡೆ ಇದೆ. ಆದರೆ ಪಾಡ್ಯದ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯಲ್ಲಿ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ತುಳುನಾಡಿನಲ್ಲಿ ಗದ್ದೆಗೆ ದೀಪ ಇಟ್ಟು 'ಕೂ' ಅಂತ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಅಮ್ಮನ ಊರಿನಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ಹಾಡುತ್ತಾ ಬರುತ್ತಾರೆ. ಹೆಸರುಗಳನ್ನು ಬದಿಗಿಟ್ಟರೆ ಉಳಿಯುವುದು ಹಟ್ಟಿ, ಗದ್ದೆ, ದನ, ದೀಪ. ಬೆಳೆ ಕೈಗೆ ಬರುವ ಕಾಲದ ಸಂಗತಿಗಳೇ ಎಲ್ಲ.

ನವೆಂಬರ್ 2ರ ಸಂಜೆ ಅಮ್ಮ ಬಾಗಿಲಲ್ಲಿ ದೀಪ ಇಡುತ್ತಿದ್ದರು. ಮೂರನೇ ಮಹಡಿಯ ಮಲಯಾಳಿ ಆಂಟಿ ಮೆಟ್ಟಿಲಿಳಿದು ಬಂದವರು ನಿಂತು, ಯಾರಿಗೆ ಈ ದೀಪ ಅಂತ ಕೇಳಿದರು. ಬಲಿಗೆ ಅಂದರು ಅಮ್ಮ. ಆಂಟಿಗೆ ಆಶ್ಚರ್ಯ. ಅವರ ಮಹಾಬಲಿ ಸೆಪ್ಟೆಂಬರ್ 15ರ ತಿರುವೋಣಂ ದಿನವೇ ಬಂದು ಹೋಗಿದ್ದ. ಕೇರಳದಲ್ಲಿ ತಿಂಗಳು ಎಣಿಸುವುದು ಸೂರ್ಯನನ್ನು ಹಿಡಿದು. ಅಲ್ಲಿ ಬಲಿ ಬರುವುದು ಚಿಂಗಂ ತಿಂಗಳ ಶ್ರವಣ ನಕ್ಷತ್ರಕ್ಕೆ, ಮೊದಲ ಬೆಳೆಯ ಕಾಲದಲ್ಲಿ. ದೀಪಾವಳಿ ಬರುವಷ್ಟರಲ್ಲಿ ಅಲ್ಲಿ ತುಲಾ ತಿಂಗಳ ಗುಡುಗು ಮಳೆ ಹಿಡಿದಿರುತ್ತದೆ, ಹಬ್ಬವೂ ಸಣ್ಣದಾಗಿ ಮುಗಿಯುತ್ತದೆ. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಬಲಿಗೆ ಏನೇನು ಅಡುಗೆ ಮಾಡುತ್ತೇವೆ ಅಂತ ಬಹಳ ಹೊತ್ತು ಮಾತಾಡಿದರು. ಆಂಟಿ ಹೋಗುವ ಮೊದಲು ಅಮ್ಮನ ಕೈಯಿಂದ ಎಣ್ಣೆ ತಗೊಂಡು ಕೊನೆಯ ಎರಡು ಹಣತೆಗೆ ತಾವೇ ಹಾಕಿದರು.